ಸಹಿಗೆ ಮುನ್ನ ಒಂದು ಪ್ರಶ್ನೆ

ಪ್ರಬಂಧ ಸಲ್ಲಿಸುವ ವಿದ್ಯಾರ್ಥಿಯು ಅದು ತನ್ನ ಸ್ವಂತ ರಚನೆ, ಕೃತಿಚೌರ್ಯದಿಂದ ಮುಕ್ತ ಎಂದು ಲಿಖಿತ ಮುಚ್ಚಳಿಕೆ ನೀಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ವಿಧಿಸುತ್ತದೆ. ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಬಹುತೇಕ ವಿದ್ಯಾರ್ಥಿಗಳು ಈ ಅಂಕಿಯೊಳಗೆ ಬಂದರೆ ಸಾಕೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು, ಪಡೆದ ನೆರವನ್ನಲ್ಲ. ಅದನ್ನು ಬಲ್ಲವನು ಬರೆದವನೊಬ್ಬನೇ.

ಹಾನಗಲ್ ತಾಲ್ಲೂಕಿನ ಆಡೂರಿನ ಚಾಲುಕ್ಯ ಶಾಸನವನ್ನು ಕುರಿತು ಒಬ್ಬ ವಿದ್ಯಾರ್ಥಿ ಕಿರುಪ್ರಬಂಧ ಬರೆದಿದ್ದಾನೆಂದು ಭಾವಿಸೋಣ. ಶಾಸನದ ಪಾಠವನ್ನು ಜೆ.ಎಫ್. ಫ್ಲೀಟ್ 1882ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ್ದರು. ವಿದ್ಯಾರ್ಥಿ ಆ ಸಂಪುಟವನ್ನು ತೆರೆಯದೆ, ನಂತರದ ಪುಸ್ತಕವೊಂದರಿಂದ ಪಾಠವನ್ನು ಎತ್ತಿಕೊಂಡು ಅಡಿಟಿಪ್ಪಣಿಯಲ್ಲಿ ಫ್ಲೀಟರ ಹೆಸರು ಬರೆದರೆ, ಅದು ಓದದ್ದನ್ನು ಓದಿದೆನೆಂದು ಹೇಳಿದಂತೆ. ಆ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅದೇ ತಪ್ಪು ಪ್ರಬಂಧದಲ್ಲೂ ನುಸುಳುತ್ತದೆ. ಪರೀಕ್ಷಕರಿಗೆ ಗುಟ್ಟು ತಿಳಿಯುವುದು ಹೀಗೆಯೇ. ಶಾಸನದ ಕೀರ್ತಿವರ್ಮ ಆರನೆಯ ಶತಮಾನದ ಮೊದಲನೆಯವನೋ, ಎಂಟನೆಯ ಶತಮಾನದ ಎರಡನೆಯವನೋ ಎಂಬುದು ವಿದ್ವಾಂಸರು ಚರ್ಚಿಸಿದ ವಿಷಯ. ಇಬ್ಬರಲ್ಲಿ ಒಬ್ಬನನ್ನು ಆರಿಸುವ ವಾದ ಬೇರೊಬ್ಬರದಾಗಿದ್ದರೆ, ವಾಕ್ಯಗಳೆಲ್ಲ ಸ್ವಂತದ್ದಾಗಿದ್ದರೂ ಋಣ ತೀರುವುದಿಲ್ಲ.

ಹಾಗಾದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಹುದು? ಅಳತೆಗೋಲು ಸರಳ: ಆ ನೆರವನ್ನು ತೆಗೆದರೆ ಪ್ರಬಂಧದ ಯಾವ ಭಾಗ ಕುಸಿಯುತ್ತದೆ? ಡಿ.ಟಿ.ಪಿ. ಮಾಡಿದವರು ಕಾಗುಣಿತ ತಿದ್ದಿದ್ದರೆ ಏನೂ ಕುಸಿಯದು. ಅದನ್ನು ಹೇಳದಿದ್ದರೂ ಲೋಪವಲ್ಲ. ಹಳಗನ್ನಡದ ಸಾಲುಗಳ ಅರ್ಥವನ್ನು ಅಧ್ಯಾಪಕರು ಬಿಡಿಸಿಕೊಟ್ಟಿದ್ದರೆ ಒಂದು ಅಧ್ಯಾಯವೇ ನಿಲ್ಲದು. ಅದನ್ನು ಅದೇ ಸ್ಥಳದಲ್ಲಿ ದಾಖಲಿಸಬೇಕು. ಮುನ್ನುಡಿಯ 'ಎಲ್ಲರಿಗೂ ಕೃತಜ್ಞತೆ' ಇದಕ್ಕೆ ಪರ್ಯಾಯವಲ್ಲ. ಇಂಗ್ಲಿಷ್ ಲೇಖನವನ್ನು ಯಂತ್ರದಿಂದ ಅನುವಾದಿಸಿಕೊಂಡಿದ್ದರೆ ಅದನ್ನೂ, ಮೂಲದೊಡನೆ ತಾಳೆ ನೋಡಿದ್ದನ್ನೂ ತಿಳಿಸಬೇಕು.

ದಾಖಲೆಗೆ ದೊಡ್ಡ ಮಾತು ಬೇಡ. 'ಮೂರನೆಯ ಅಧ್ಯಾಯದ ಶಾಸನಪಾಠವನ್ನು ಫ್ಲೀಟರ ಮುದ್ರಣದಿಂದ ಪಡೆದಿದೆ. ಅರ್ಥನಿರ್ಣಯದಲ್ಲಿ ಮಾರ್ಗದರ್ಶಕರ ನೆರವಿದೆ. ಕಾಲನಿರ್ಣಯದ ವಾದ ನನ್ನದು' ಎಂಬಷ್ಟೇ ಸಾಕು. ಇದರಿಂದ ಅಂಕ ಕಡಿಮೆಯಾಗಬಹುದೆಂಬ ಭಯ ನಿರಾಧಾರ. ಯಾವುದು ಅವನದೆಂದು ಸ್ಪಷ್ಟವಾದಾಗ ಮಾತ್ರ ಪರೀಕ್ಷಕರು ಅದಕ್ಕೆ ಬೆಲೆ ಕಟ್ಟಬಲ್ಲರು.

ಒಂದು ಮಿತಿಯೂ ಇದೆ. ಹಣ ಕೊಟ್ಟು ಬರೆಸಿದ ಅಧ್ಯಾಯವನ್ನು ಬಹಿರಂಗಪಡಿಸಿದ ಮಾತ್ರಕ್ಕೆ ಅದು ತನ್ನದಾಗುವುದಿಲ್ಲ. ಅದನ್ನು ಕಿತ್ತುಹಾಕಿ ಮತ್ತೆ ಬರೆಯುವುದೊಂದೇ ದಾರಿ. ಮೌಖಿಕ ಪರೀಕ್ಷೆಯಲ್ಲಿ ಪುಸ್ತಕ ಮುಚ್ಚಿಟ್ಟು ಯಾವ ಪುಟವನ್ನು ವಿವರಿಸಲಾರನೋ, ಆ ಪುಟದ ಕೆಳಗೆ ವಿದ್ಯಾರ್ಥಿ ತನ್ನ ಸಹಿ ಹಾಕಬಾರದು. ಮಾರ್ಗದರ್ಶಕರೂ ಸಹಿಗೆ ಮುನ್ನ ಇದೇ ಪ್ರಶ್ನೆಯನ್ನು ಕೇಳುವ ಪರಿಪಾಠ ಬೆಳೆಸಿಕೊಳ್ಳಲಿ.