‘ಬೇಡ’ ಅಂದವನ ಮಾತನ್ನು ಬರೆದುಕೊಳ್ಳಿ

“ರೋಗಿಯು ಔಷಧಿ ನಿರಾಕರಿಸಿದಲ್ಲಿ ಸಂಬಂಧಿಕರ ಸಹಿ ಪಡೆದು ಚಿಕಿತ್ಸೆ ನೀಡತಕ್ಕದ್ದು.”

ನಮ್ಮ ಆಸ್ಪತ್ರೆಯ ಹೊಸ ನೀತಿಯ ಕರಡಿನಲ್ಲಿ ಈ ಸಾಲಿದೆ. ತೀವ್ರ ಮೇನಿಯಾದಲ್ಲಿ, ಅಂದರೆ ಉನ್ಮಾದದ ಸ್ಥಿತಿಯಲ್ಲಿ ಬಂದು ಮಾತ್ರೆ ಬೇಡ ಅನ್ನುವವರ ಬಗ್ಗೆ ಬರೆದದ್ದು. ನಾನು ಮನೋವೈದ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಬರುವ ಇಂಥ ರೋಗಿಗಳನ್ನು ದಿನವೂ ನೋಡುವವನು. ಈ ಸಾಲನ್ನು ಕಿತ್ತು ಹಾಕಬೇಕು ಎಂದು ಕರಡು ಸಮಿತಿಯಲ್ಲಿ ಹೇಳಿದೆ. ಹಿರಿಯರೊಬ್ಬರು, “ರಾತ್ರಿ ಎರಡು ಗಂಟೆಗೆ ಕೂಗಾಡ್ತಿರೋನ ಮುಂದೆ ಕಾಯ್ದೆ ಓದ್ತಾ ಕೂರ್ತೀರಾ ಡಾಕ್ಟ್ರೇ?” ಅಂದರು. ಪಕ್ಕದಲ್ಲಿದ್ದ ವಕೀಲರು ತದ್ವಿರುದ್ಧ: “ಬೇಡ ಅಂದ್ರೆ ಬೇಡ. ಮನೆಗೆ ಕಳಿಸಿ, ನಮಗ್ಯಾಕೆ ತಲೆನೋವು?”

ಇಬ್ಬರೊಡನೆಯೂ ನನಗೆ ಜಗಳವಿದೆ. ಮೇಲ್ನೋಟಕ್ಕೆ ಎದುರುಬದುರಾಗಿ ಕಂಡರೂ ಇಬ್ಬರೂ ಹೇಳುತ್ತಿರುವುದು ಒಂದೇ. ರೋಗಿ ‘ಬೇಡ’ ಅಂದ ಕ್ಷಣಕ್ಕೆ ಅವನನ್ನು ಕೇಳುವುದು ಮುಗಿಯಿತು ಎನ್ನುವುದು. ಒಬ್ಬರಿಗೆ ಆ ‘ಬೇಡ’ ಹುಚ್ಚಿನ ಸಾಕ್ಷಿ, ಇನ್ನೊಬ್ಬರಿಗೆ ಹಕ್ಕಿನ ಘೋಷಣೆ. ಯಾಕೆ ಬೇಡ ಎಂದು ಕೇಳುವ ತೊಂದರೆಯನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ.

ಸಮಿತಿಯ ಮುಂದೆ ನಾನಿಟ್ಟ ಒಂದು ಪ್ರಕರಣವನ್ನೇ ಇಲ್ಲೂ ಇಡುತ್ತೇನೆ. ಇದು ಒಬ್ಬ ವ್ಯಕ್ತಿಯ ಕಥೆಯಲ್ಲ, ವಾದಕ್ಕಾಗಿ ಕಟ್ಟಿಕೊಂಡ ರೋಗಿ. ಆದರೆ ಇದರ ಒಂದೊಂದು ಚೂರೂ ನಮ್ಮ ಕಡೆ ದಿನನಿತ್ಯದ್ದು.

ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯೊಂದರ ಕಬ್ಬು ಬೆಳೆಗಾರ, ಮೂವತ್ತಾರು ವರ್ಷ. ಆರು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ, ದಣಿವೂ ಇಲ್ಲ. ಮಾತು ಒಂದೇ ಸಮ. ಎರಡು ಹಸು ಮಾರಿ ಆ ದುಡ್ಡು ಹಂಚಿದ್ದಾನೆ. ಗುರುವಾರ ರಾತ್ರಿ ನಡುರಸ್ತೆಯಲ್ಲಿ ನಿಂತು ಲಾರಿ ತಡೆಯುತ್ತಿದ್ದವನನ್ನು ಹೆಂಡತಿ ಮತ್ತು ಅಣ್ಣ ತಾಲ್ಲೂಕು ಆಸ್ಪತ್ರೆಗೆ ತಂದಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕಿಗೆ ಮನೋವೈದ್ಯರು ಬರುವುದು ಮಂಗಳವಾರ. ಇವತ್ತು ಇರುವುದು ಡ್ಯೂಟಿ ಡಾಕ್ಟರೊಬ್ಬರೇ.

ಆ ಡಾಕ್ಟರ ಕೈಯಲ್ಲಿ ಕಾನೂನೇನೂ ಖಾಲಿಯಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ಯಾವುದೇ ನೋಂದಾಯಿತ ವೈದ್ಯರಿಗೆ ತುರ್ತು ಚಿಕಿತ್ಸೆ ಕೊಡುವ ಅಧಿಕಾರ ಕೊಟ್ಟಿದೆ. ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ತನಗೋ ಇತರರಿಗೋ ಗಂಭೀರ ಹಾನಿ ಮಾಡುತ್ತಿರಬೇಕು, ಅಥವಾ ಕಾಯಿಲೆಯಿಂದಾಗಿ ಆಸ್ತಿಗೆ ದೊಡ್ಡ ನಷ್ಟ ಮಾಡುತ್ತಿರಬೇಕು. ನಾಮನಿರ್ದೇಶಿತ ಪ್ರತಿನಿಧಿ ಸಿಗುವಂತಿದ್ದರೆ ಅವರ ಒಪ್ಪಿಗೆ ಬೇಕು. ಅವಧಿ ಹೆಚ್ಚೆಂದರೆ 72 ಗಂಟೆ. ಅದರೊಳಗೆ ಮಾನಸಿಕ ಚಿಕಿತ್ಸಾ ಕೇಂದ್ರದಲ್ಲಿ ಪರೀಕ್ಷೆಯಾದರೆ ಅಲ್ಲಿಗೇ ಮುಗಿಯಿತು. ಹಾಗಾಗಿ ಲಾರಿಗೆ ಅಡ್ಡ ನಿಲ್ಲುವವನನ್ನು ಮನೆಗೆ ಕಳಿಸಿ ಎನ್ನುವ ವಕೀಲರ ಮಾತಿಗೆ ಕಾಯ್ದೆಯ ಬೆಂಬಲವಿಲ್ಲ.

ಈಗ ಹಿರಿಯರ ಸರದಿ. ಸೂಜಿ ಹಿಡಿಯುವ ಮುಂಚೆ ಡ್ಯೂಟಿ ಡಾಕ್ಟರು ಕೇಳುತ್ತಾರೆ: “ಯಾಕಪ್ಪ ಬೇಡ?” ಬರುವ ಉತ್ತರ ಎರಡು. “ನಂಗೇನಾಗೈತೆ? ನಾನು ಸಕ್ಕರೆ ಕಾರ್ಖಾನೆ ತಗತಾ ಇವ್ನಿ, ಮಲಗಿದ್ರೆ ವ್ಯವಹಾರ ಕೆಡ್ತದೆ.” ಇದು ಒಂದು. ಎರಡನೆಯದು: “ಹೋದ್ಸಲ ಆ ಇಂಜೆಕ್ಷನ್ ಚುಚ್ಚಿದ್ರು, ಕತ್ತು ಒಂದ್ಕಡೆ ತಿರುಚ್ಕೊಂಡ್ಬಿಡ್ತು. ಅದು ಬ್ಯಾಡ.”

ಮೊದಲನೆಯದು ಕಾಯಿಲೆಯ ಮಾತು. ಎರಡನೆಯದು ಅನುಭವದ ಮಾತು, ಅದೂ ವೈದ್ಯಶಾಸ್ತ್ರ ಒಪ್ಪುವ ಮಾತು. ಹ್ಯಾಲೊಪೆರಿಡಾಲ್ ಚುಚ್ಚುಮದ್ದಿನ ನಂತರ ಕೆಲವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನ ಗಂಡಸರಿಗೆ, ಕತ್ತು ದವಡೆಯ ಸ್ನಾಯುಗಳು ಹೀಗೆ ಸೆಟೆದುಕೊಳ್ಳುತ್ತವೆ. ನೋವು ಭಯಂಕರ. ಕರಡಿನ ಆ ಸಾಲಿನ ಪ್ರಕಾರ ನಡೆದರೆ ಎರಡೂ ಉತ್ತರ ಒಂದೇ ‘ನಿರಾಕರಣೆ’ಯ ಮೂಟೆಗೆ ಬೀಳುತ್ತವೆ. ಅಣ್ಣ ಸಹಿ ಹಾಕುತ್ತಾನೆ, ಅದೇ ಇಂಜೆಕ್ಷನ್ ಬೀಳುತ್ತದೆ, ಕತ್ತು ಮತ್ತೆ ತಿರುಚುತ್ತದೆ. ಮುಂದಿನ ಸಲ ಆತ ಆಸ್ಪತ್ರೆಯ ಗೇಟಿನೊಳಕ್ಕೇ ಬರುವುದಿಲ್ಲ.

ಕೇಳಿ ಬರೆದುಕೊಂಡ ಡಾಕ್ಟರು ಬೇರೆ ದಾರಿ ಹಿಡಿಯಬಲ್ಲರು. ಜ್ವರ, ತಲೆಗೆ ಪೆಟ್ಟು, ಸಕ್ಕರೆ ಅಂಶ, ಕುಡಿತ ಬಿಟ್ಟ ನಡುಕ ಇವನ್ನೆಲ್ಲ ನೋಡಿಕೊಂಡು ಮೊದಲು ಲೊರಾಜೆಪಾಮ್ 2 ಮಿ.ಗ್ರಾಂ. ಮಾತ್ರೆಯನ್ನು ಮುಂದಿಡುತ್ತಾರೆ. ಅದೂ ಬೇಡವೆಂದರೆ ಹೆಂಡತಿಯ ಒಪ್ಪಿಗೆಯಲ್ಲಿ ಅದೇ ಔಷಧಿಯ ಚುಚ್ಚುಮದ್ದು. ಆಮೇಲೆ ಮೊದಲ ಒಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಉಸಿರಾಟ, ನಾಡಿ, ರಕ್ತದೊತ್ತಡ. ಕೊಟ್ಟ ಔಷಧಿ, ಕೊಟ್ಟ ಗಂಟೆ, ಒಪ್ಪಿದವರ ಹೆಸರು ಮತ್ತು ರೋಗಿ ಹೇಳಿದ ಎರಡೂ ಕಾರಣಗಳಿರುವ ಒಂದು ಹಾಳೆ ಅವನ ಜೊತೆಗೇ ಆಂಬುಲೆನ್ಸ್ ಹತ್ತುತ್ತದೆ. ಕಾಯ್ದೆ ಓದುತ್ತಾ ಕೂರುವುದು ಎಂದು ಹಿರಿಯರು ಹಂಗಿಸಿದ ಕೆಲಸಕ್ಕೆ ಹಿಡಿಯುವುದು ಐದು ನಿಮಿಷ.

ಇಲ್ಲೇ ಇನ್ನೊಂದು ಕಳ್ಳದಾರಿಯನ್ನೂ ಮುಚ್ಚಬೇಕು. ‘ಹೇಗೂ ಚುಚ್ಚುತ್ತಿದ್ದೇವಲ್ಲ’ ಎಂದು ತುರ್ತಿನ ಹೆಸರಿನಲ್ಲಿ ಫ್ಲುಫೆನಜಿನ್ ಡೆಪೊದಂಥ ದೀರ್ಘಕಾಲದ ಇಂಜೆಕ್ಷನ್ ಕೊಟ್ಟುಬಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಅದರ ಪರಿಣಾಮ ಎರಡರಿಂದ ನಾಲ್ಕು ವಾರ. ಕಾಯ್ದೆ ಕೊಟ್ಟದ್ದು 72 ಗಂಟೆ, ತುರ್ತಿಗೆ ನೇರ ಸಂಬಂಧವಿಲ್ಲದ ಚಿಕಿತ್ಸೆ ಕೂಡದೆಂದೂ ಅದೇ ಸೆಕ್ಷನ್ ಹೇಳುತ್ತದೆ. ಒಮ್ಮೆ ಒಳಗೆ ಹೋದ ಡೆಪೊವನ್ನು ಯಾವ ಮೇಲ್ಮನವಿಯೂ ಹೊರಗೆ ತೆಗೆಯಲಾರದು. ನಮ್ಮ ನೀತಿ ಇದನ್ನು ಹೆಸರಿಟ್ಟು ನಿಷೇಧಿಸಬೇಕು.

ಶುಕ್ರವಾರ ಬೆಳಿಗ್ಗೆ ದೊಡ್ಡ ಆಸ್ಪತ್ರೆ. ಐದು ಗಂಟೆ ನಿದ್ದೆಯಾಗಿದೆ. ನಿರ್ಧಾರ ಸಾಮರ್ಥ್ಯದ ಪರೀಕ್ಷೆಗೆ ಇದು ಹೊತ್ತು. ಮೇನಿಯಾ ಒಂದೇ ದಿನದಲ್ಲಿ ಏರಿಳಿಯುವುದರಿಂದ ನಿನ್ನೆ ರಾತ್ರಿಯ ತೀರ್ಮಾನ ಇವತ್ತಿಗೆ ಸಲ್ಲದು. ಕಾಯ್ದೆಯ 4ನೇ ಸೆಕ್ಷನ್ ಮೂರು ಶಕ್ತಿಗಳನ್ನು ಹೆಸರಿಸುತ್ತದೆ: ವಿಷಯವನ್ನು ಅರ್ಥ ಮಾಡಿಕೊಳ್ಳುವುದು, ನಿರ್ಧಾರದ ಪರಿಣಾಮವನ್ನು ಮನಗಾಣುವುದು, ನಿರ್ಧಾರವನ್ನು ತಿಳಿಸುವುದು. ತೊಡಕೇನೆಂದರೆ ಮೂರರ ನಡುವೆ ಇರುವ ಪದ ‘ಅಥವಾ’. ಅಕ್ಷರಶಃ ಓದಿದರೆ ಒಂದಿದ್ದರೂ ಸಾಕು. ಮಾತೇ ಮುಗಿಯದ ಮೇನಿಯಾ ರೋಗಿ ಆಗ ಸದಾ ಪಾಸು, ವಕೀಲರು ನಿಂತಿರುವುದು ಈ ಪದದ ಮೇಲೆಯೇ.

ಆದರೆ ಮೂರನೆಯ ಅಂಶ ಹೇಳುವುದು ಬರೀ ಮಾತಾಡುವುದನ್ನಲ್ಲ, ಮೊದಲ ಅಂಶದಲ್ಲಿ ಹೇಳಿದ ನಿರ್ಧಾರವನ್ನು ತಿಳಿಸುವುದನ್ನು. ತಿಳಿದು ಮಾಡಿದ ನಿರ್ಧಾರವಿದ್ದರೆ ತಾನೇ ತಿಳಿಸುವ ಪ್ರಶ್ನೆ? ಹಾಗಾಗಿ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಮೂರಕ್ಕೂ ರೋಗಿಯ ಮಾತಿನಲ್ಲೇ ಉತ್ತರ ಬರೆದುಕೊಳ್ಳಬೇಕು ಎಂಬುದು ನನ್ನ ಓದು. ಟಿಕ್ ಹಾಕುವ ನಮೂನೆಯಲ್ಲಿ ಈ ವ್ಯತ್ಯಾಸ ಹಿಡಿಯಲು ಸಿಗುವುದಿಲ್ಲ. ನಮ್ಮ ರೈತನನ್ನೇ ನೋಡಿ. “ಈ ಮಾತ್ರೆ ಯಾಕೆ ಅಂದೆ?” ಎಂದರೆ, “ನಿದ್ದೆ ಬರಾಕೆ, ತಲೆ ಓಟ ನಿಲ್ಲಾಕೆ” ಎಂದು ಒಪ್ಪವಾಗಿ ಹೇಳುತ್ತಾನೆ. “ತಗೊಳ್ಳದಿದ್ದರೆ ನಿನಗೇನಾಗಬಹುದು?” ಎಂದರೆ, “ಅದು ಕಾಯ್ಲೆಯವ್ರಿಗೆ, ನಂಗಲ್ಲ” ಅನ್ನುತ್ತಾನೆ. ಮೇನಿಯಾ ಬಹಳ ಸಲ ಕೆಡಿಸುವುದು ತಿಳಿವಳಿಕೆಯನ್ನಲ್ಲ, ಆ ತಿಳಿವಳಿಕೆಯನ್ನು ತನಗೆ ಅನ್ವಯಿಸಿಕೊಳ್ಳುವುದನ್ನು. ಇವತ್ತು, ಈ ನಿರ್ಧಾರಕ್ಕೆ, ಅವನಲ್ಲಿ ಸಾಮರ್ಥ್ಯವಿಲ್ಲ.

ಈಗ 89ನೇ ಸೆಕ್ಷನ್. ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಸ್ವತಂತ್ರವಾಗಿ ಪರೀಕ್ಷಿಸಿ, ಪ್ರತಿನಿಧಿಯ ಕೋರಿಕೆಯ ಮೇಲೆ 30 ದಿನದವರೆಗೆ ದಾಖಲಿಸಬಹುದು. ಪ್ರತಿನಿಧಿ ಯಾರು? ಕರಡಿನ ‘ಸಂಬಂಧಿಕರು’ ಎನ್ನುವ ಪದ ಎಷ್ಟು ಅಪಾಯದ್ದೆಂದು ಇಲ್ಲಿ ತಿಳಿಯುತ್ತದೆ. ಕರೆತಂದ ಅಣ್ಣನಿಗೂ ಇವನಿಗೂ ಗದ್ದೆಯ ಪಾಲಿನ ವ್ಯಾಜ್ಯವಿದ್ದರೆ? ನಮ್ಮ ಕಡೆ ಪಾಲಿನ ಜಗಳವಿಲ್ಲದ ಮನೆ ಹುಡುಕಬೇಕು. ಆದ್ದರಿಂದ ರೋಗಿ ಮೊದಲೇ ಯಾರನ್ನಾದರೂ ನೇಮಿಸಿದ್ದಾನೆಯೇ ಎಂದು ಕೇಳಬೇಕು, ವ್ಯಾಜ್ಯವಿದೆಯೇ ಎಂದೂ ಕೇಳಿ ಬರೆಯಬೇಕು. ಇಲ್ಲಿ ಹೆಂಡತಿ ಪ್ರತಿನಿಧಿಯಾಗುತ್ತಾಳೆ. ಅವಳ ತಾತ್ಕಾಲಿಕ ಒಪ್ಪಿಗೆಯಲ್ಲಿ, ಕತ್ತಿನ ಮಾತಿಗೆ ಬೆಲೆ ಕೊಟ್ಟು, ಬಾಯಲ್ಲಿ ಕರಗುವ ಒಲಾಂಜಪಿನ್ 10 ಮಿ.ಗ್ರಾಂ. ಶುರುವಾಗುತ್ತದೆ.

ಆ ಒಪ್ಪಿಗೆ ಮೂವತ್ತು ದಿನದ ಗುತ್ತಿಗೆಯಲ್ಲ. ಏಳು ದಿನಕ್ಕೊಮ್ಮೆ ಸಾಮರ್ಥ್ಯವನ್ನು ಮರುಪರಿಶೀಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಏಳನೆಯ ದಿನ ಅವನಿಗೆ ಲಿಥಿಯಂ ಬಗ್ಗೆ ವಿವರಿಸಿದಾಗ ಮತ್ತೆ ‘ಬೇಡ’ ಅನ್ನುತ್ತಾನೆ. ಯಾಕೆ? “ಕಾಯ್ಲೆ ಬಂದಿತ್ತು, ಒಪ್ಕತೀನಿ. ಈ ಮಾತ್ರೆ ತಗತೀನಿ. ಆದ್ರೆ ಅದು ತಗಂಡ್ರೆ ಮೈ ನೀರು ಆರಬಾರ್ದು ಅಂದ್ರಿ, ರಕ್ತ ಪರೀಕ್ಷೆ ಮಾಡಿಸ್ತಾ ಇರ್ಬೇಕು ಅಂದ್ರಿ. ನಾನು ಬಿಸಿಲಲ್ಲಿ ಕಬ್ಬು ಕಡಿಯೋನು, ಮ್ಯಾಲಿಂದ್ಮ್ಯಾಲೆ ಎಲ್ಲೋಗ್ಲಿ?” ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಅವನ ಹಿಂಜರಿಕೆಗೆ ಬುಡವಿದೆ. ನನ್ನ ಸಲಹೆ ಬೇರೆಯೇ ಇರಬಹುದು. ಆದರೆ ಇತರರಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಬಾರದೆಂದು ಅದೇ 4ನೇ ಸೆಕ್ಷನ್ ಹೇಳಿದೆ. ಇನ್ನು ಹೆಂಡತಿಯ ಸಹಿಯಿಂದ ಈ ‘ಬೇಡ’ವನ್ನು ಅಳಿಸುವಂತಿಲ್ಲ.

ಮನುಷ್ಯ ಅವನೇ, ಪದವೂ ಅದೇ, ನಡುವೆ ಒಂದು ವಾರ. ಕಾರಣ ಕೇಳಿ ಬರೆದುಕೊಂಡವರಿಗೆ ಮಾತ್ರ ಎರಡು ‘ಬೇಡ’ಗಳ ಅಂತರ ಕಾಣುತ್ತದೆ. ಸಂಬಂಧಿಕರ ಸಹಿಯ ಸಾಲು ಎರಡನ್ನೂ ತುಳಿಯುತ್ತದೆ, ಮನೆಗೆ ಕಳಿಸುವ ಸಾಲು ಮೊದಲ ರಾತ್ರಿಯೇ ಅವನನ್ನು ಲಾರಿಯ ಮುಂದೆ ಬಿಡುತ್ತದೆ.

ಹಾಗಾಗಿ ಆ ಸಾಲಿನ ಜಾಗಕ್ಕೆ ನಾನು ಬರೆದುಕೊಟ್ಟದ್ದು ಇದು: “ರೋಗಿ ಔಷಧಿ ನಿರಾಕರಿಸಿದರೆ ಕಾರಣ ಕೇಳಿ ಅವನ ಮಾತಿನಲ್ಲೇ ಬರೆಯಬೇಕು, ಬೇರೆ ಔಷಧಿಯ ಆಯ್ಕೆ ಕೊಡಬೇಕು, ಸಾಮರ್ಥ್ಯವನ್ನು ಆ ನಿರ್ಧಾರಕ್ಕಷ್ಟೇ, ಆ ಹೊತ್ತಿಗಷ್ಟೇ ಅಳೆಯಬೇಕು, ಬಲವಂತ ಮಾಡಿದರೆ ಯಾವ ಸೆಕ್ಷನ್, ಎಷ್ಟು ಹೊತ್ತಿನವರೆಗೆ ಎಂದು ಬರೆದು ಸಹಿ ಹಾಕಬೇಕು.” ಸಹಿ ಮೊದಲು ಹಾಕಬೇಕಾದವರು ನಾವು, ವೈದ್ಯರು.

ಬಿಡುಗಡೆಯ ದಿನಕ್ಕೂ ಒಂದು ಸಾಲು ಸೇರಿಸಿದ್ದೇನೆ. ಪ್ರತಿನಿಧಿಯನ್ನು ನೇಮಿಸಲು ಕಾಯ್ದೆ ಕೇಳುವುದು ಸಾದಾ ಕಾಗದ, ಅದರ ಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು. ಗುಣವಾಗಿ ಮನೆಗೆ ಹೊರಟವನನ್ನು ಕೂರಿಸಿಕೊಂಡು, ಮುಂದೆ ಹೀಗಾದರೆ ಯಾರು ನಿನ್ನ ಪರ ಮಾತಾಡಬೇಕು, ಯಾವ ಇಂಜೆಕ್ಷನ್ ಬೇಡ ಎಂದು ಕೇಳಿ ಬರೆಸಿಕೊಳ್ಳಬೇಕು. ಸಮಿತಿ ಇದಕ್ಕೆ ಸಮಯವಿಲ್ಲ ಅನ್ನುತ್ತಿದೆ. ಮುಂದಿನ ಸಭೆಯಲ್ಲೂ ನಾನು ಈ ಸಾಲನ್ನು ಬಿಟ್ಟುಕೊಡುವುದಿಲ್ಲ.