ಅಂಶವೋ, ಅಪವರ್ತನವೋ?

‘ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಬರುವುದಿಲ್ಲ’ ಎಂದು ಷರಾ ಬರೆಯುವವರೊಡನೆ ನನ್ನದೊಂದು ಜಗಳವಿದೆ. ಆ ಮಕ್ಕಳ ಕೈಗೆ ಕೊಟ್ಟ ಹಾಳೆಯನ್ನು ಅವರು ಒಮ್ಮೆಯಾದರೂ ಓದಿದ್ದಾರೆಯೇ?

ಯಲಹಂಕದ ಕಡೆಯ ನಮ್ಮ ಶಾಲೆಗೆ ದಾನಿಗಳೊಬ್ಬರು ಗಣಿತದ ಅಭ್ಯಾಸದ ಹಾಳೆಗಳನ್ನು ಕಳಿಸಿದ್ದರು. ಮೂಲ ಇಂಗ್ಲಿಷಿನದು, ಯಾರೋ ಕನ್ನಡಕ್ಕೆ ತಂದಿದ್ದರು. ಮೊದಲ ಲೆಕ್ಕದಲ್ಲಿ ‘ಫ್ಯಾಕ್ಟರ್’ ಎನ್ನುವುದು ‘ಅಪವರ್ತನ’ವಾಗಿತ್ತು. ಪಠ್ಯಪುಸ್ತಕದಲ್ಲೂ ಅದೇ, ಸರಿ. ನಾಲ್ಕನೆಯದರಲ್ಲಿ ಅದೇ ಪದ ‘ಅಂಶ’ವಾಯಿತು: ‘12ರ ಅಂಶಗಳನ್ನು ಬರೆಯಿರಿ.’ ಪತ್ರಿಕೆಯ ಭಾಷೆಗೆ ಅದು ನಡೆದೀತು. ನಮ್ಮ ತರಗತಿಯಲ್ಲಿ ಅಂಶವೆಂದರೆ ಭಿನ್ನರಾಶಿಯಲ್ಲಿ ಗೆರೆಯ ಮೇಲಿನ ಸಂಖ್ಯೆ, ಕೆಳಗಿನದು ಛೇದ. ಒಬ್ಬ ಹುಡುಗಿ 12ರ ಕೆಳಗೆ ಗೆರೆ ಎಳೆದು, 1 ಬರೆದು, ‘ಅಂಶ 12’ ಎಂದಿದ್ದಳು. ಬರಬೇಕಾಗಿದ್ದುದು 1, 2, 3, 4, 6, 12. ಸೊನ್ನೆ ಅಂಕ ಅವಳಿಗೆ. ತಪ್ಪು ಮಾತ್ರ ಅವಳದಲ್ಲ.

ಇನ್ನೊಂದು ಕಡೆ ‘ಅಪವರ್ತ್ಯ’ ಇರಬೇಕಾದಲ್ಲಿ ‘ಅಪವರ್ತನ’ ಎಂದು ಅಚ್ಚಾಗಿತ್ತು. ಒಂದಕ್ಷರದ ವ್ಯತ್ಯಾಸ, ಲೆಕ್ಕವೇ ತಿರುಗುಮುರುಗು. 6ರ ಅಪವರ್ತನಗಳು 1, 2, 3, 6 ಅಷ್ಟೇ. ಅಪವರ್ತ್ಯಗಳಾದರೆ 6, 12, 18 ಎಂದು ಮುಗಿಯದೆ ಹೋಗುತ್ತವೆ.

ಅಂಕಿಗಳ ಕಥೆ ಬೇರೆ. ‘೭೨ ಅನ್ನು 8ರಿಂದ ಭಾಗಿಸಿ’ ಎಂದಿತ್ತು. ಅರ್ಧ ಕನ್ನಡ ಅಂಕಿ, ಅರ್ಧ ಪುಸ್ತಕದ ಅಂಕಿ. ಕೆಲವರು 9 ಎಂದು ಬರೆದರು. ಕೆಲವರದು ‘ಭಾಗಲಬ್ಧ 2, ಶೇಷ 6’. ಭಾಗಾಕಾರ ತಪ್ಪಿಲ್ಲ ನೋಡಿ, ಅವರು ೭ನ್ನು 2 ಎಂದು ಓದಿ 22ನ್ನು ಭಾಗಿಸಿದ್ದರು! ಮಂಕು ಅಚ್ಚಿನಲ್ಲಿ ೧ರ ಬಾಯಿ ಮುಚ್ಚಿಕೊಂಡರೆ ಅದು ೦ ಆಗಿಬಿಡುತ್ತದೆ.

‘ಕನ್ನಡದ ಅಂಕಿ ಬೇಡವೆನ್ನುತ್ತೀರಾ ಮೇಡಂ?’ ಎಂದು ಸಹೋದ್ಯೋಗಿಯೊಬ್ಬರು ಕೆಣಕಿದರು. ಬೇಕು, ಕಲಿಸುತ್ತೇನೆ. ಆದರೆ ನಮ್ಮ ಗಣಿತ ಪುಸ್ತಕ ಅಚ್ಚಾಗಿರುವುದು 1, 2, 3ರಲ್ಲಿ. ಅಭಿಮಾನ ತೋರಿಸಲು ಭಾಗಾಕಾರದ ಲೆಕ್ಕವೇ ಬೇಕೆ? ‘ಹಾಗಾದರೆ ಇಂಗ್ಲಿಷ್ ಪದಗಳನ್ನೇ ಬಿಡಿ’ ಎನ್ನುವವರಿಗೂ ಇದೇ ಉತ್ತರ: ಮಗುವಿನ ಪುಸ್ತಕದಲ್ಲಿ ಇಲ್ಲದ್ದು ಹಾಳೆಯಲ್ಲೂ ಬೇಡ. ಅರ್ಧ ಅಕ್ಕಿಯನ್ನು ಪಾವಿನಲ್ಲೂ ಅರ್ಧವನ್ನು ಲೋಟದಲ್ಲೂ ಅಳೆದು ನೀರಿಡುವವರು ನಮ್ಮಲ್ಲಿ ಯಾರಿದ್ದಾರೆ?

ಆ ಹಾಳೆಯನ್ನು ನಾನೇ ಮತ್ತೆ ಬರೆದೆ. ಮೊದಲು ಲೆಕ್ಕಗಳನ್ನು ಮುಟ್ಟಲಿಲ್ಲ. ಇಂಗ್ಲಿಷ್ ಪದಗಳನ್ನು ಒಂದು ಸಾಲಿನಲ್ಲಿ ಪಟ್ಟಿ ಮಾಡಿ, ಎದುರಿಗೆ ಅದೇ ತರಗತಿಯ ಪುಸ್ತಕದ ಪದವನ್ನಿಟ್ಟೆ. ಒಂದಕ್ಕೆ ಒಂದೇ. ಮುಗಿದ ಮೇಲೆ, ಮೂಲವನ್ನು ನೋಡದ ಇನ್ನೊಬ್ಬ ಶಿಕ್ಷಕಿಗೆ ಬಿಡಿಸಲು ಕೊಟ್ಟೆ. ಅವರ ಉತ್ತರ ಮೂಲದ ಉತ್ತರಕ್ಕೆ ಹೊಂದದ ಎರಡು ಕಡೆ ತಪ್ಪು ನನ್ನದೇ ಆಗಿತ್ತು. ತಿದ್ದಿದೆ.

ಹಿಡಿದದ್ದು ಎರಡು ಸಂಜೆ. ಆ ಹುಡುಗಿ ಹೊಸ ಹಾಳೆಯಲ್ಲಿ 12ರ ಆರೂ ಅಪವರ್ತನಗಳನ್ನು ಬರೆದಳು. ಹಳೆಯ ಸೊನ್ನೆಯನ್ನು ನಾನು ಹೊಡೆದುಹಾಕಿದೆ.