ಶನಿವಾರದ ಸರದಿ ಸೋಮವಾರಕ್ಕೆ



ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ನಡೆದ ವೈದ್ಯೆಯ ಅತ್ಯಾಚಾರ, ಕೊಲೆ ಖಂಡಿಸಿ ಭಾರತೀಯ ವೈದ್ಯಕೀಯ ಸಂಘ 2024ರ ಆಗಸ್ಟ್ 17ರ ಬೆಳಿಗ್ಗೆ 6ರಿಂದ 24 ತಾಸು ಹೊರರೋಗಿ ಸೇವೆ ನಿಲ್ಲಿಸಲು ಕರೆ ಕೊಟ್ಟಿತ್ತು. ತುರ್ತು ಚಿಕಿತ್ಸೆಗೆ ತಡೆಯಿರಲಿಲ್ಲ. ಸಿಟ್ಟು ನ್ಯಾಯವಾದುದೇ. ಆದರೆ ಅಂದು ಶನಿವಾರ, ಮರುದಿನ ರವಿವಾರ. ರವಿವಾರ ಬಾಗಿಲು ಹಾಕುವ ದವಾಖಾನೆಗಳಲ್ಲಿ ಒಂದು ದಿನದ ಬಂದ್ ಎರಡು ದಿನದ್ದಾಯಿತು.

ಇಂಥ ಬಂದ್‌ನಲ್ಲಷ್ಟೇ ಅಲ್ಲ, ಡಾಕ್ಟರು ಮದುವೆಗೋ ಸಮ್ಮೇಳನಕ್ಕೋ ಹೋದಾಗಲೂ ಬಾಗಿಲಿಗೆ ಅಂಟಿಸುವ ಕಾಗದದಲ್ಲಿ ಹೊಸ ದಿನಾಂಕ ಬಿಟ್ಟರೆ ಬೇರೇನೂ ಇರುವುದಿಲ್ಲ.

ಬಮ್ಮಿಗಟ್ಟಿಯಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗುವ ಸಕ್ಕರೆ ಕಾಯಿಲೆಯವರನ್ನೇ ನೋಡಿ. ಖಾಲಿಹೊಟ್ಟೆಯ ರಕ್ತಪರೀಕ್ಷೆಗೆಂದು ಕನಿಷ್ಠ 8 ತಾಸು ಉಪವಾಸವಿದ್ದು, ಬೆಳಗಿನ ಗುಳಿಗೆಯನ್ನೂ ತಡೆದು ಬಂದಿರುತ್ತಾರೆ. ಡಾಕ್ಟರು ಇಲ್ಲದಿದ್ದರೂ ಲ್ಯಾಬು ತೆರೆದಿದ್ದರೆ ರಕ್ತವನ್ನಾದರೂ ಅಂದೇ ಕೊಡಬಹುದು. ಅದನ್ನು ಹೇಳುವವರು ಬೇಕಷ್ಟೆ. ಇನ್ನೂ ತೊಡಕಿನದು ಗುಳಿಗೆಯ ಲೆಕ್ಕ. 30 ದಿನಕ್ಕೆ ಬರೆದ ಗುಳಿಗೆ ತೀರುವ ದಿನವೇ ಸರದಿ ಇದ್ದು, ಅದು ಎರಡು ದಿನ ಸರಿದರೆ ನಡುವೆ ಗುಳಿಗೆಯೇ ಇಲ್ಲ. ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ.

ಆದ್ದರಿಂದ ಬಾಗಿಲಿನ ಆ ಕಾಗದದಲ್ಲಿ ಬದಲಿ ವೈದ್ಯರ ಹೆಸರು, ಹಳೇ ಚೀಟಿಗೆ ಎಷ್ಟು ದಿನದ ಗುಳಿಗೆ ಕೊಳ್ಳಬಹುದೆಂಬ ಸೂಚನೆ ಇರಲಿ. ಮುಂಚಿತವಾಗಿ ಗೊತ್ತಿರುವ ರಜೆಯಾದರೆ ಕಾಂಪೌಂಡರು ಹಿಂದಿನ ಸಂಜೆಯೇ ಫೋನ್ ಮಾಡಲಿ; ಹೆಸರು ಹಚ್ಚುವಾಗ ನಂಬರ್ ಬರೆದುಕೊಂಡೇ ಇರುತ್ತಾರಲ್ಲ.

– ಓದುಗರೊಬ್ಬರು, ಬಮ್ಮಿಗಟ್ಟಿ